ಮಗುವಿನ ಫಿಟ್ಸ್ ಡೈರಿಯಿಂದ ತಿಂಗಳಿಗೆ ಒಂದು ಪುಟದ ಸಾರಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಟ್ಸ್ ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲೋ ಕ್ಯಾಲೆಂಡರಿನಲ್ಲೋ ಬರೆದಿಡುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆದಿದ್ದೇನೆ. ಬರೆದದ್ದನ್ನು ತಿಂಗಳ ಕೊನೆಗೆ ಒಂದು ಪುಟಕ್ಕೆ ಇಳಿಸುವುದು ಹೇಗೆ ಅನ್ನುವುದಷ್ಟೇ ವಿಷಯ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಎಂಟು ವರ್ಷದ ಹುಡುಗಿ, 22 ಕೆಜಿ ತೂಕ, ಲೆವೆಟಿರಾಸಿಟಮ್ ಸಿರಪ್ ಬೆಳಿಗ್ಗೆ 3 ಎಂಎಲ್, ರಾತ್ರಿ 3 ಎಂಎಲ್. ತಿಂಗಳು 2025ರ ಜೂನ್. ವಿವರಿಸುವುದಕ್ಕಾಗಿ ಹೆಣೆದ ಮಗು ಇದು, ಆದರೆ ಇಲ್ಲಿ ಬರುವ ಗೊಂದಲಗಳೆಲ್ಲ ನಿಜವಾದ ಡೈರಿಗಳಲ್ಲಿ ಇರುವಂಥವೇ.

ಡೈರಿಯನ್ನೇ ಡಾಕ್ಟರ ಮುಂದೆ ಇಟ್ಟರೆ ಸಾಲದಾ?

ಇಡಿ, ಖಂಡಿತ ಇಡಿ. ಆದರೆ ಓಪಿಡಿಯಲ್ಲಿ ಸಿಗುವ ಕೆಲವೇ ನಿಮಿಷಗಳಲ್ಲಿ ಮೂವತ್ತು ದಿನದ ಕೈಬರಹವನ್ನು ಯಾರೂ ಪೂರ್ತಿ ಓದಲಾರರು. ಅವರು ಕೇಳುವುದು ನಾಲ್ಕೈದು ವಿಷಯ: ಎಷ್ಟು ಸಲ ಬಂತು, ಯಾವ ಹೊತ್ತಿಗೆ, ಎಷ್ಟು ಹೊತ್ತು, ಯಾವುದರಿಂದ ಇರಬಹುದು, ಔಷಧಿ ಸರಿಯಾಗಿ ಹೋಗಿದೆಯಾ. "ಹೋದ ತಿಂಗಳಿಗಿಂತ ಸ್ವಲ್ಪ ಜಾಸ್ತಿ ಅನ್ಸುತ್ತೆ ಸಾರ್" ಅನ್ನುವ ಉತ್ತರದ ಮೇಲೆ ಡೋಸ್ ಏರಿಸುವುದಕ್ಕೂ, ಎದುರಿಗೆ ಪುಟ ಇಟ್ಟುಕೊಂಡು ಏರಿಸಬೇಕಾ ಬೇಡವಾ ಅಂತ ಯೋಚಿಸುವುದಕ್ಕೂ ತುಂಬ ವ್ಯತ್ಯಾಸ ಇದೆ. ಕೆಳಗಿನ ಉದಾಹರಣೆಯಲ್ಲಿ ಆ ವ್ಯತ್ಯಾಸ ಎಷ್ಟು ಅಂತ ಕಾಣುತ್ತದೆ.

ಈ ಹುಡುಗಿಯ ಡೈರಿಯಲ್ಲಿ ಏನಿತ್ತು?

ಅಮ್ಮ ಬರೆದದ್ದು ಹೀಗಿದೆ.

ಜೂನ್ 4, ಬೆಳಗಿನ ಜಾವ 5:40. ಬಾಯಿ ಎಡಕ್ಕೆ ಸೊಟ್ಟ ಆಯ್ತು, ಜೊಲ್ಲು, ನನ್ನನ್ನೇ ನೋಡ್ತಿದ್ಲು ಆದ್ರೆ ಮಾತು ಬರ್ಲಿಲ್ಲ. ಗಡಿಯಾರ ನೋಡಿದೆ, 75 ಸೆಕೆಂಡ್.

ಜೂನ್ 9, 5:15. ಅದೇ ಥರ. 1 ನಿಮಿಷ.

ಜೂನ್ 15, ಭಾನುವಾರ, 4:50. ದೊಡ್ಡದು. ಮೈಯೆಲ್ಲ ಸೆಟೆದುಕೊಂಡು ಕೈಕಾಲು ಬಡಿದಳು. ವಿಡಿಯೋ ಇದೆ, 2 ನಿಮಿಷ 40 ಸೆಕೆಂಡ್. ರಾತ್ರಿ ಚಿಕ್ಕಮ್ಮನ ಮನೆಯಿಂದ ಬರುವಾಗ ತಡ ಆಗಿತ್ತು. ಮತ್ತೆ 6:10ಕ್ಕೆ ಬಾಯಿ ಸೊಟ್ಟ ಆಗೋದು, 50 ಸೆಕೆಂಡ್.

ಜೂನ್ 20, ರಾತ್ರಿ 9:50. ಮಲಗಿ 20 ನಿಮಿಷ ಆಗಿತ್ತು. ಬಾಯಿ ಸೊಟ್ಟ, 1 ನಿಮಿಷ.

ಜೂನ್ 22, ಭಾನುವಾರ, 5:30. ದೊಡ್ಡದು, 10 ನಿಮಿಷ!! ಭಾನುವಾರ ತಲೆಸ್ನಾನ ಮಾಡಿಸೋದಕ್ಕೇ ಹೀಗಾಗ್ತಿದ್ಯಾ?

ಜೂನ್ 27, ಶಾಲೆಯಲ್ಲಿ ಮಧ್ಯಾಹ್ನ 2:30ಕ್ಕೆ ಸುಮ್ನೆ ನೋಡ್ತಾ ಕೂತಿದ್ದಳಂತೆ, ಮಿಸ್ ಹೇಳಿದರು.

ಇದರ ಜೊತೆಗೆ ದಿನಾ ರಾತ್ರಿ ಮಲಗಿದ ಹೊತ್ತು ಮತ್ತು ಔಷಧಿ ಕೊಟ್ಟದ್ದಕ್ಕೆ ಟಿಕ್ ಇದೆ. ಟಿಕ್ ಇರುವುದು ತುಂಬ ದೊಡ್ಡ ವಿಷಯ. ಮುಂದೆ ಬರುವ ಲೆಕ್ಕಗಳೆಲ್ಲ ಅದರ ಮೇಲೇ ನಿಂತಿವೆ.

ಎಲ್ಲಿಂದ ಶುರು ಮಾಡಬೇಕು? ನೇರ ಎಣಿಸಿಬಿಡಬಹುದಾ?

ಎಣಿಸುವ ಮೊದಲು ಖಾಲಿ ದಿನಗಳನ್ನು ನೋಡಿ. ಡೈರಿಯಲ್ಲಿ ಏನೂ ಬರೆಯದ ದಿನ ಅಂದರೆ ಫಿಟ್ಸ್ ಬರಲಿಲ್ಲ ಅಂತಲಾ, ಅಥವಾ ಅವತ್ತು ಬರೆಯಲು ಆಗಲಿಲ್ಲ ಅಂತಲಾ? ಇವೆರಡೂ ಬೇರೆ ಬೇರೆ. ಬರದ ದಿನಕ್ಕೆ ದೊಡ್ಡದಾಗಿ ಸೊನ್ನೆ ಬರೆಯಿರಿ. ಬರೆಯಲಾಗದ ದಿನಕ್ಕೆ ಗೆರೆ ಎಳೆಯಿರಿ. ತಿಂಗಳ ಪುಟದ ಮೇಲ್ಗಡೆ "30 ದಿನದಲ್ಲಿ 30 ದಿನ ಬರೆದಿದೆ" ಅಥವಾ "30ರಲ್ಲಿ 22" ಅಂತ ಇರಲಿ. 22 ದಿನದ ಲೆಕ್ಕವನ್ನು 30 ದಿನದ್ದು ಅಂದುಕೊಂಡರೆ ಮಗು ಸುಧಾರಿಸಿದೆ ಅನ್ನುವ ತಪ್ಪು ತೀರ್ಮಾನ ಬರಬಹುದು.

ರಾತ್ರಿ ಮಗುವಿನ ಪಕ್ಕ ಯಾರು ಮಲಗಿದ್ದರು ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಜರ್ಮನಿಯ ಬಾನ್ ನಗರದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಸ್ಪತ್ರೆಯಲ್ಲಿ ವಿಡಿಯೋ ಇಇಜಿ ಹಾಕಿ ಮಲಗಿಸಿದ ರೋಗಿಗಳು ತಮಗೆ ಬಂದ ಫಿಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬರೆದೇ ಇರಲಿಲ್ಲ. ನಿದ್ದೆಯಲ್ಲಿ ಬಂದವಂತೂ ಬಹುಪಾಲು ಬಿಟ್ಟುಹೋಗಿದ್ದವು. ಅವರು ತಮ್ಮ ಫಿಟ್ಸ್ ತಾವೇ ಬರೆಯುತ್ತಿದ್ದವರು, ಇಲ್ಲಿ ನೋಡುತ್ತಿರುವುದು ತಾಯಿ, ಹಾಗಾಗಿ ಅದೇ ಅಂಕೆ ಇಲ್ಲಿಗೆ ಹೊಂದುವುದಿಲ್ಲ. ಆದರೂ ಮಗು ಬೇರೆ ಕೋಣೆಯಲ್ಲಿ ಮಲಗಿದ ತಿಂಗಳಿಗೂ ನಿಮ್ಮ ಪಕ್ಕ ಮಲಗಿದ ತಿಂಗಳಿಗೂ ಎಣಿಕೆ ಬೇರೆ ಬಂದರೆ ಆಶ್ಚರ್ಯ ಇಲ್ಲ, ಅಲ್ವಾ?

ಫಿಟ್ಸ್‌ಗೆ ವೈದ್ಯಕೀಯ ಹೆಸರು ಗೊತ್ತಿಲ್ಲ. ಏನಂತ ಬರೆಯಲಿ?

ಹೆಸರು ಬೇಕಿಲ್ಲ. ಕಂಡದ್ದನ್ನು ಬರೆಯಿರಿ, ಒಂದೇ ಥರ ಕಾಣುವವನ್ನು ಒಂದು ಗುಂಪು ಮಾಡಿ ಅದಕ್ಕೆ ಅಕ್ಷರ ಕೊಡಿ. ಈ ಹುಡುಗಿಗೆ "ಎ" ಅಂದರೆ ಬಾಯಿ ಎಡಕ್ಕೆ ಸೊಟ್ಟ, ಜೊಲ್ಲು, ಎಚ್ಚರ ಇದೆ, ಮಾತು ಇಲ್ಲ. "ಬಿ" ಅಂದರೆ ಮೈಯೆಲ್ಲ ಸೆಟೆದು ಬಡಿಯುವುದು, ಎಚ್ಚರ ಇಲ್ಲ. ವಿವರಣೆಯನ್ನು ಪುಟದ ಮೇಲ್ಗಡೆ ಒಮ್ಮೆ ಬರೆದು, ಮುಂದಿನ ಎಲ್ಲ ತಿಂಗಳಿಗೂ ಅದೇ ಅಕ್ಷರ ಉಳಿಸಿಕೊಳ್ಳಿ.

ಎರಡನ್ನೂ ಕೂಡಿಸಿ "ಒಟ್ಟು ಏಳು" ಅಂತ ಬರೆಯಬೇಡಿ. ಎ 4, ಬಿ 2, ಖಚಿತ ಇಲ್ಲದ್ದು 1. ಮುಂದಿನ ತಿಂಗಳು ಎ ಆರಕ್ಕೆ ಏರಿ ಬಿ ಸೊನ್ನೆ ಆದರೆ ಒಟ್ಟು ಲೆಕ್ಕದಲ್ಲಿ ಹೆಚ್ಚುಕಮ್ಮಿ ಏನೂ ಬದಲಾಗಿಲ್ಲ ಅಂತ ಕಾಣುತ್ತದೆ, ಆದರೆ ಮಗುವಿನ ಮಟ್ಟಿಗೆ ಅದು ತುಂಬ ದೊಡ್ಡ ಬದಲಾವಣೆ.

ಶಾಲೆಯಲ್ಲಿ ನಡೆದದ್ದನ್ನು ಎ ಅಥವಾ ಬಿಗೆ ತುರುಕಬೇಡಿ. ಸುಮ್ಮನೆ ಯೋಚನೆಯಲ್ಲಿ ಕೂತಿದ್ದಿರಬಹುದು, ಊಟ ಆದಮೇಲಿನ ತೂಕಡಿಕೆ ಇರಬಹುದು, ಹೊಸ ಥರದ ಫಿಟ್ಸೂ ಇರಬಹುದು. ಮಿಸ್‌ಗೆ ಮೂರು ವಿಷಯ ಕೇಳಿ: ಹೆಸರು ಕರೆದಾಗ ತಿರುಗಿದಳಾ, ಭುಜ ಮುಟ್ಟಿದಾಗ ಎಚ್ಚೆತ್ತಳಾ, ಬರೆಯುತ್ತಿದ್ದ ಅಥವಾ ಮಾತಾಡುತ್ತಿದ್ದ ಮಧ್ಯದಲ್ಲೇ ಥಟ್ಟನೆ ನಿಂತಳಾ. ಉತ್ತರವನ್ನು ಹಾಗೇ ಬರೆದು ಡಾಕ್ಟರಿಗೆ ಬಿಡಿ.

ಯಾವ ಹೊತ್ತಿಗೆ ಬಂತು ಅನ್ನುವುದನ್ನು ಹೇಗೆ ತೋರಿಸಲಿ? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತಲಾ?

ಗಡಿಯಾರದ ಹೊತ್ತು ಬರೆಯಿರಿ, ಆದರೆ ಗುಂಪು ಮಾಡುವಾಗ ನಿದ್ದೆಯ ಲೆಕ್ಕದಲ್ಲಿ ಮಾಡಿ. ಮಲಗಿದ ಮೊದಲ ಒಂದು ಗಂಟೆ, ನಡುರಾತ್ರಿ ನಿದ್ದೆ, ಏಳುವ ಮುಂಚಿನ ಒಂದೆರಡು ಗಂಟೆ, ಎದ್ದ ಮೇಲೆ ಒಂದು ಗಂಟೆಯೊಳಗೆ, ಉಳಿದ ಎಚ್ಚರದ ಹೊತ್ತು. ಬೆಳಿಗ್ಗೆ 6:30 ಅನ್ನುವುದು ಒಂದು ಮಗುವಿಗೆ ಗಾಢ ನಿದ್ದೆ, ಇನ್ನೊಂದಕ್ಕೆ ಸ್ನಾನ ಮುಗಿದ ಹೊತ್ತು. ಡಾಕ್ಟರಿಗೆ ಬೇಕಾದದ್ದು ಮಗು ನಿದ್ದೆಯಲ್ಲಿತ್ತಾ, ಆಗತಾನೇ ಎದ್ದಿತ್ತಾ ಅನ್ನುವುದು, ಯಾಕೆಂದರೆ ಕೆಲವು ಬಗೆಯ ಫಿಟ್ಸ್ ನಿದ್ದೆಗೇ ಅಂಟಿಕೊಂಡಿರುತ್ತವೆ, ಕೆಲವು ಎದ್ದ ಕೂಡಲೇ ಬರುತ್ತವೆ.

ನಮ್ಮ ಉದಾಹರಣೆಯಲ್ಲಿ ಖಚಿತವಾದ ಆರರಲ್ಲಿ ಐದು 4:50ರಿಂದ 6:10ರ ಒಳಗೆ, ಏಳುವ ಮುಂಚೆ. ಒಂದು ಮಲಗಿದ 20 ನಿಮಿಷಕ್ಕೆ. ಎಚ್ಚರವಿರುವಾಗ ಖಚಿತವಾಗಿ ಒಂದೂ ಇಲ್ಲ. ಶಾಲೆಗೆ ಹೋಗುವ ವಯಸ್ಸು, ಬಾಯಿ ಒಂದು ಕಡೆಗೆ ಎಳೆಯುವುದು, ಜೊಲ್ಲು, ಮಾತು ನಿಲ್ಲುವುದು, ನಿದ್ದೆಗೆ ಜಾರುವಾಗ ಇಲ್ಲವೇ ಏಳುವ ಮುಂಚೆ ಬರುವುದು, ಇಷ್ಟೂ ಒಟ್ಟಿಗೆ ಕಂಡರೆ ಮಕ್ಕಳ ನರರೋಗ ತಜ್ಞರಿಗೆ ರೊಲ್ಯಾಂಡಿಕ್ ಅನ್ನುವ ಬಗೆ ನೆನಪಿಗೆ ಬರುತ್ತದೆ. ಹೌದೋ ಅಲ್ಲವೋ ಅನ್ನುವುದನ್ನು ಇಇಜಿ ನೋಡಿ ಅವರು ಹೇಳಲಿ. ನಿಮ್ಮ ಕೆಲಸ ಆ ಒಂದು ಸಾಲು ಅವರ ಕಣ್ಣಿಗೆ ಬೀಳುವ ಹಾಗೆ ಬರೆಯುವುದು.

ಇನ್ನೊಂದು ಸಣ್ಣ ವಿಷಯ. ರಾತ್ರಿಯ ಲೆಕ್ಕಕ್ಕೆ ಮಲಗಿದ ದಿನದ ತಾರೀಖು ಬಳಸಿ. 15ರ ಬೆಳಗಿನ ಜಾವದ ಫಿಟ್ಸ್ 14ರ ರಾತ್ರಿಗೆ ಸೇರಿದ್ದು. ಹೀಗೆ ಮಾಡದಿದ್ದರೆ 14ರ ತಡ ನಿದ್ದೆ, 14ರಂದು ತಪ್ಪಿದ ಔಷಧಿ ಒಂದು ಸಾಲಿನಲ್ಲಿ, ಫಿಟ್ಸ್ ಮುಂದಿನ ಸಾಲಿನಲ್ಲಿ ಕೂತು ಸಂಬಂಧವೇ ಕಾಣದೆ ಹೋಗುತ್ತದೆ.

10 ನಿಮಿಷ ಅಂತ ಬರೆದಿದ್ದೇನೆ, ಆದರೆ ಗಡಿಯಾರ ನೋಡಿರಲಿಲ್ಲ. ಹಾಗೇ ಬಿಡಲಾ?

ಅಳಿಸಬೇಡಿ, ಪಕ್ಕದಲ್ಲಿ "ಅಂದಾಜು" ಅಂತ ಸೇರಿಸಿ. ಮಗು ಹಾಗೆ ಬಡಿಯುತ್ತಿರುವಾಗ ಒಂದೊಂದು ಸೆಕೆಂಡೂ ಉದ್ದ ಅನ್ನಿಸುತ್ತದೆ, ಅದು ಎಲ್ಲ ತಂದೆತಾಯಿಗೂ ಆಗುವುದೇ. ಮೈಯೆಲ್ಲ ಬಡಿಯುವ ಫಿಟ್ಸ್ ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಆಮೇಲಿನ ಮಂಪರು, ಗೊರಕೆಯಂಥ ಉಸಿರು, ಕರೆದರೂ ಸರಿಯಾಗಿ ಎಚ್ಚರಾಗದಿರುವುದು, ಇವೆಲ್ಲ ಫಿಟ್ಸ್ ಮುಗಿದ ಮೇಲಿನ ಭಾಗ. ಅದನ್ನೂ ಸೇರಿಸಿ ಎಣಿಸಿದರೆ 10, 15 ನಿಮಿಷ ಅಂತ ಬರಬಹುದು. ಹಾಗಾಗಿ ಎರಡು ಖಾನೆ ಇರಲಿ: ಅದುರುವುದು ನಿಂತ ಹೊತ್ತು ಒಂದು, ಎಚ್ಚರವಾಗಿ ನಿಮ್ಮನ್ನು ಗುರುತಿಸಿದ ಹೊತ್ತು ಇನ್ನೊಂದು. ಒಂದು ಮಾತು ಮಾತ್ರ ನೆನಪಿಡಿ. ಈ ಅನುಮಾನವೆಲ್ಲ ಆಮೇಲೆ, ಪುಟ ಬರೆಯುವಾಗ. ಫಿಟ್ಸ್ ನಡೆಯುತ್ತಿರುವಾಗ 5 ನಿಮಿಷ ಆಗಿರಬಹುದು ಅನ್ನಿಸಿದರೆ ಆಗಿದೆ ಅಂತಲೇ ತಿಳಿದು ಡಾಕ್ಟರು ಹೇಳಿಕೊಟ್ಟ ಹಾಗೆ ಮಾಡಿ.

ಸರಾಸರಿ ತೆಗೆಯಬೇಡಿ. ಈ ಹುಡುಗಿಯ ಆರು ಅಳತೆ 75, 60, 160, 50, 60 ಮತ್ತು ಅಂದಾಜಿನ 600 ಸೆಕೆಂಡ್. ಸರಾಸರಿ ಹಾಕಿದರೆ ಸುಮಾರು 168 ಸೆಕೆಂಡ್, ಅಂದರೆ ಹತ್ತಿರ ಹತ್ತಿರ ಮೂರು ನಿಮಿಷ. ಆದರೆ ಆರರಲ್ಲಿ ನಾಲ್ಕು ಫಿಟ್ಸ್ 75 ಸೆಕೆಂಡನ್ನೂ ದಾಟಿಲ್ಲ! ಒಂದೇ ಒಂದು ಅಂದಾಜು ಇಡೀ ತಿಂಗಳನ್ನು ಎಳೆದುಬಿಟ್ಟಿದೆ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ಮಧ್ಯದ್ದನ್ನು ನೋಡಿದರೆ ಒಂದು ನಿಮಿಷದ ಆಸುಪಾಸು ಬರುತ್ತದೆ. ಇನ್ನೂ ಒಳ್ಳೆಯದು ಹೀಗೆ ಬರೆಯುವುದು: "ಎ: 50ರಿಂದ 75 ಸೆಕೆಂಡ್, ನಾಲ್ಕೂ ಗಡಿಯಾರ ನೋಡಿದ್ದು. ಬಿ: ಒಂದು 2 ನಿಮಿಷ 40 ಸೆಕೆಂಡ್, ವಿಡಿಯೋ ಇದೆ. ಇನ್ನೊಂದು 10 ನಿಮಿಷ ಅಂತ ಅಂದಾಜು, ಮಂಪರೂ ಸೇರಿರಬಹುದು."

ವಿಡಿಯೋ ತೆಗೆದರೆ ಅವಧಿ ತಾನಾಗೇ ಸಿಗುತ್ತದೆ. ಆದರೆ ಮೊದಲು ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕದೆ, ಆಮೇಲೆ ಫೋನ್. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ತೆಗೆಯಲಿ. ಮುಖ ಮತ್ತು ಕೈಕಾಲು ಎರಡೂ ಕಾಣಲಿ, ಒಮ್ಮೆ ಹೆಸರು ಕರೆಯಿರಿ.

ಯಾವುದರಿಂದ ಬರುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಎಲ್ಲರೂ ಜಾರುವುದು ಇಲ್ಲಿಯೇ. ಫಿಟ್ಸ್ ಬಂದ ದಿನ ಕೂತು "ನಿನ್ನೆ ಏನಾಗಿತ್ತು" ಅಂತ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ತಡ ನಿದ್ದೆ, ಐಸ್‌ಕ್ರೀಮ್, ಟಿವಿ, ಬೈದದ್ದು. ಆದರೆ ಅದೇ ಸಂಗತಿ ಇದ್ದೂ ಫಿಟ್ಸ್ ಬಾರದ ದಿನಗಳು ಎಷ್ಟು? ಅದನ್ನು ಎಣಿಸದೆ ಕಾರಣದ ಮಾತು ಆಡಲು ಬರುವುದಿಲ್ಲ. ಅದಕ್ಕೇ ಏನೂ ಆಗದ ದಿನವೂ ಮಲಗಿದ ಹೊತ್ತು, ಜ್ವರ, ಔಷಧಿ, ಈ ಮೂರನ್ನಾದರೂ ಬರೆಯಬೇಕು. ಮೂರೇ ಸಾಕು. ಹದಿನೈದು ಖಾನೆ ಇರುವ ಡೈರಿಯನ್ನು ಎರಡು ವಾರದ ಮೇಲೆ ಯಾರೂ ಬರೆಯುವುದಿಲ್ಲ.

ಈಗ ನಮ್ಮ ಲೆಕ್ಕ. ಜೂನ್‌ನ 30 ರಾತ್ರಿಗಳಲ್ಲಿ ಫಿಟ್ಸ್ ಬಂದದ್ದು 5 ರಾತ್ರಿ: 3, 8, 14, 20, 21. ರಾತ್ರಿ 11 ದಾಟಿ ಮಲಗಿದ ರಾತ್ರಿಗಳು 7. ಅದರಲ್ಲಿ 2 ರಾತ್ರಿ ಫಿಟ್ಸ್ ಬಂತು. ಬೇಗ ಮಲಗಿದ 23 ರಾತ್ರಿಗಳಲ್ಲಿ 3 ರಾತ್ರಿ. ಏಳಕ್ಕೆ ಎರಡು, ಇಪ್ಪತ್ಮೂರಕ್ಕೆ ಮೂರು. ಹಾಗಾದರೆ ತಡ ನಿದ್ದೆಯೇ ಕಾರಣ ಅನ್ನಿಸುತ್ತದೆ.

ಇಲ್ಲಿಗೇ ನಿಲ್ಲಿಸಬೇಡಿ. ಅದೇ ತಡ ನಿದ್ದೆಯ 7 ರಾತ್ರಿಗಳನ್ನು ಔಷಧಿ ಟಿಕ್ ನೋಡಿ ಎರಡು ಪಾಲು ಮಾಡಿ. ರಾತ್ರಿಯ ಡೋಸ್ ತಪ್ಪಿದ ರಾತ್ರಿ 3, ಅವು 7, 14, 21, ಮೂರೂ ಶನಿವಾರ, ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋದ ದಿನ. ಅದರಲ್ಲಿ ಎರಡು ಸಲ ಫಿಟ್ಸ್, ಎರಡು ಸಲವೂ ದೊಡ್ಡದು. ತಡವಾಗಿ ಮಲಗಿದರೂ ಡೋಸ್ ಕೊಟ್ಟ ರಾತ್ರಿ 4, ಅದರಲ್ಲಿ ಒಂದೂ ಇಲ್ಲ. ಡೋಸ್ ಕೊಟ್ಟ ಒಟ್ಟು 26 ರಾತ್ರಿಗಳಲ್ಲಿ ಬಂದದ್ದು ಮೂರು, ಮೂರೂ ಚಿಕ್ಕವು. ತಪ್ಪಿದ ಇನ್ನೊಂದು ರಾತ್ರಿ 25ನೇ ತಾರೀಖು, ಬುಧವಾರ. ಅವತ್ತು ಬೇಗ ಮಲಗಿದ್ದಳು, ಏನೂ ಆಗಲಿಲ್ಲ.

ಅಂದರೆ ತಡ ನಿದ್ದೆಯ ಮೇಲೆ ಹೊರಿಸಿದ್ದ ತಪ್ಪು ಬಹುಶಃ ತಪ್ಪಿದ ಡೋಸ್‌ನದ್ದು, ಇಲ್ಲವೇ ಎರಡೂ ಸೇರಿದ್ದು. ಒಂದು ತಿಂಗಳ ಇಷ್ಟು ಚಿಕ್ಕ ಅಂಕೆಯಿಂದ ಸಾಬೀತು ಆಗುವುದಿಲ್ಲ. ಪುಟದಲ್ಲಿ "ಕಾರಣ: ಡೋಸ್ ತಪ್ಪಿದ್ದು" ಅಂತ ಬರೆಯದೆ "ಡೋಸ್ ತಪ್ಪಿದ 4 ರಾತ್ರಿಯಲ್ಲಿ 2 ಸಲ ಬಿ, ಕೊಟ್ಟ 26 ರಾತ್ರಿಯಲ್ಲಿ ಬಿ ಇಲ್ಲ" ಅಂತ ಅಂಕೆಯನ್ನೇ ಕೊಡಿ.

ಭಾನುವಾರದ ತಲೆಸ್ನಾನಕ್ಕೆ ಸಂಬಂಧ ಇದೆಯಾ?

ಒಳ್ಳೆಯ ಪ್ರಶ್ನೆ, ಅದರಲ್ಲೂ ಕರ್ನಾಟಕದಲ್ಲಿ ಕೇಳಲೇಬೇಕಾದ ಪ್ರಶ್ನೆ. ಬಿಸಿನೀರಿನ ಫಿಟ್ಸ್ ಅನ್ನುವುದು ನಿಜವಾಗಿಯೂ ಇದೆ. ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ಹಳೇ ಮೈಸೂರು ಕಡೆ, ಇದು ಬೇರೆ ಕಡೆಗಿಂತ ಜಾಸ್ತಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ದಶಕಗಳಿಂದ ಬರೆದಿದ್ದಾರೆ. ಸುಡುಸುಡು ನೀರನ್ನು ಚೊಂಬಿನಲ್ಲಿ ತಲೆಯ ಮೇಲೆ ಒಂದೇ ಸಮ ಹುಯ್ಯುವಾಗ, ಇಲ್ಲವೇ ಹುಯ್ದ ಕೂಡಲೇ, ಅದು ಬರುತ್ತದೆ.

ಆ "ಹುಯ್ಯುವಾಗ" ಅನ್ನುವುದೇ ಇಲ್ಲಿ ನೋಡಬೇಕಾದದ್ದು. ಈ ಹುಡುಗಿಗೆ ಭಾನುವಾರ ತಲೆಸ್ನಾನ ಆಗುವುದು 9 ಗಂಟೆಗೆ. ಫಿಟ್ಸ್ ಬಂದದ್ದು 4:50, 6:10 ಮತ್ತು 5:30ಕ್ಕೆ, ಸ್ನಾನಕ್ಕೆ ಗಂಟೆಗಟ್ಟಲೆ ಮುಂಚೆ. ಹಾಗಾಗಿ ಸ್ನಾನ ಅಲ್ಲ. ಭಾನುವಾರಕ್ಕೂ ಫಿಟ್ಸ್‌ಗೂ ಇರುವ ನಂಟು ಶನಿವಾರ ರಾತ್ರಿಯಿಂದ ಬಂದದ್ದು. ಹೊತ್ತು ಬರೆದಿಟ್ಟಿರದಿದ್ದರೆ ಈ ಮಗುವಿಗೆ ಸುಮ್ನೆ ತಲೆಸ್ನಾನ ನಿಂತುಹೋಗುತ್ತಿತ್ತು, ಡೋಸ್ ಮಾತ್ರ ತಪ್ಪುತ್ತಲೇ ಇರುತ್ತಿತ್ತು.

ನಿಮ್ಮ ಮಗುವಿಗೆ ನಿಜಕ್ಕೂ ಸ್ನಾನದ ಹೊತ್ತಿಗೇ ಬರುತ್ತಿದ್ದರೆ ಮೂರು ವಿಷಯ ಬರೆಯಿರಿ: ನೀರು ಎಷ್ಟು ಬಿಸಿ, ತಲೆಗೆ ಹುಯ್ದದ್ದಾ ಮೈಗೆ ಮಾತ್ರವಾ, ಎಷ್ಟನೇ ಚೊಂಬಿಗೆ ಶುರುವಾಯಿತು. ನೀರನ್ನು ಉಗುರುಬೆಚ್ಚಗೆ ಇಳಿಸುವುದು, ತಲೆಸ್ನಾನಕ್ಕೆ ಮುಂಚೆ ಮಾತ್ರ ಕೊಡುವ ಮಾತ್ರೆ, ಹೀಗೆ ಇದಕ್ಕೆ ಬೇರೆಯದೇ ದಾರಿಗಳಿವೆ. ಯಾವುದು ಬೇಕು ಅನ್ನುವುದನ್ನು ಡಾಕ್ಟರೇ ಹೇಳುತ್ತಾರೆ.

ಅಮಾವಾಸ್ಯೆ, ಹುಣ್ಣಿಮೆಗೆ ಜಾಸ್ತಿ ಆಗುತ್ತೆ ಅಂತ ಅತ್ತೆ ಹೇಳುತ್ತಾರೆ. ಅದನ್ನೂ ಬರೆಯಲಾ?

ಬರೆಯಿರಿ, ಜಗಳ ಬೇಡ, ಲೆಕ್ಕ ಅವರ ಎದುರಿಗೇ ಮಾಡಿ. 2025ರ ಜೂನ್‌ನಲ್ಲಿ ಹುಣ್ಣಿಮೆ 11ಕ್ಕೆ, ಅಮಾವಾಸ್ಯೆ 25ಕ್ಕೆ. ಆ ಎರಡು ದಿನವೂ ಫಿಟ್ಸ್ ಇಲ್ಲ. "ಹಿಂದೆ ಮುಂದೆ ಎರಡು ದಿನ ನೋಡಬೇಕು" ಅಂತಾರೆ, ಸರಿ, ನೋಡೋಣ. 9ರಿಂದ 13, 23ರಿಂದ 27, ಒಟ್ಟು 10 ದಿನ. ಇದು ತಿಂಗಳ ಮೂರನೇ ಒಂದು ಪಾಲು. ಹಾಗಾದರೆ ಯಾವ ಸಂಬಂಧವೂ ಇಲ್ಲದಿದ್ದರೂ ಮೂರರಲ್ಲಿ ಒಂದು ಫಿಟ್ಸ್ ಆ ದಿನಗಳಲ್ಲೇ ಬೀಳಬೇಕು. ಫಿಟ್ಸ್ ಅಥವಾ ಅನುಮಾನದ ಘಟನೆ ನಡೆದ 6 ದಿನಗಳಲ್ಲಿ ಅಲ್ಲಿ ಬಿದ್ದದ್ದು 9 ಮತ್ತು 27, ಅಂದರೆ ಎರಡು. ಸರಿಯಾಗಿ ಮೂರರಲ್ಲಿ ಒಂದು. ಇಷ್ಟು ನೋಡಿದ ಮೇಲೆ ಡಾಕ್ಟರಿಗೆ ಕೊಡುವ ಪುಟದಲ್ಲಿ ಇದಕ್ಕೆ ಜಾಗ ಬೇಕಿಲ್ಲ.

ಔಷಧಿ ಎಷ್ಟು ಸರಿಯಾಗಿ ಹೋಗಿದೆ ಅನ್ನುವುದಕ್ಕೆ ಶೇಕಡಾ ಕೊಟ್ಟರೆ ಸಾಕಾ?

ಸಾಲದು. 60 ಡೋಸ್‌ನಲ್ಲಿ 53 ಹೊತ್ತಿಗೆ ಸರಿಯಾಗಿ, 3 ಎರಡು ಗಂಟೆಗಿಂತ ತಡವಾಗಿ, 4 ತಪ್ಪಿವೆ. ಕೊಟ್ಟದ್ದು 56, ಶೇಕಡಾ 93. ಕೇಳಲು ಚೆನ್ನಾಗಿದೆ. ಆದರೆ ತಪ್ಪಿದ ನಾಲ್ಕೂ ರಾತ್ರಿಯವು, ಅದರಲ್ಲಿ ಮೂರು ಶನಿವಾರದವು, ಮತ್ತು ಈ ಮಗುವಿಗೆ ಫಿಟ್ಸ್ ಬರುವುದೇ ನಿದ್ದೆಯಲ್ಲಿ. ಯಾವ ಡೋಸ್ ತಪ್ಪಿತು ಅನ್ನುವುದು ಎಷ್ಟು ತಪ್ಪಿತು ಅನ್ನುವುದಕ್ಕಿಂತ ಮುಖ್ಯ. ಕುಡಿಸಿದ ಮೇಲೆ ವಾಂತಿ ಮಾಡಿದ್ದರೆ ಎಷ್ಟು ಹೊತ್ತಿನ ಮೇಲೆ ಅಂತಲೂ ಬರೆಯಿರಿ. ಕಂಪನಿ ಬದಲಾಗಿದ್ದರೆ, ಅಂಗಡಿಯವರು ಬೇರೆ ಸ್ಟ್ರೆಂತ್ ಕೊಟ್ಟಿದ್ದರೆ, ಆ ತಾರೀಖು ಬೇಕೇ ಬೇಕು.

ಇನ್ನು ಬಾಟಲಿ ಲೆಕ್ಕ. ಸಿರಪ್ ಕೊಡುವವರು ಇದನ್ನು ದಯವಿಟ್ಟು ಬಿಡಬೇಡಿ. ಜೂನ್ 1ಕ್ಕೆ 100 ಎಂಎಲ್‌ನ ಎರಡು ಹೊಸ ಬಾಟಲಿ, ಒಟ್ಟು 200 ಎಂಎಲ್. 56 ಡೋಸ್, ಒಂದಕ್ಕೆ 3 ಎಂಎಲ್, ಖರ್ಚಾಗಬೇಕಾದದ್ದು 168. ಉಳಿಯಬೇಕಾದದ್ದು 32. ಸಿರಿಂಜಿನಲ್ಲಿ ಅಳೆದರೆ ಉಳಿದದ್ದು 47. 15 ಎಂಎಲ್ ಜಾಸ್ತಿ ಉಳಿದಿದೆ! ಎರಡು ಮೂರು ಎಂಎಲ್ ಹೆಚ್ಚುಕಮ್ಮಿ ಆದರೆ ಬಿಡಬಹುದು, ಬಾಟಲಿಯಲ್ಲೇ ಸ್ವಲ್ಪ ಹೆಚ್ಚು ತುಂಬಿರುತ್ತಾರೆ. 15 ಅಂದರೆ ಐದು ಡೋಸ್.

ಅಮ್ಮ ಸುಳ್ಳು ಟಿಕ್ ಹಾಕಿರಲಿಲ್ಲ. ಬೆಳಗಿನ ಡೋಸ್ ಕೊಡುತ್ತಿದ್ದದ್ದು ಅಜ್ಜಿ, ಬಾಟಲಿ ಜೊತೆ ಬರುವ ಮುಚ್ಚಳದಲ್ಲಿ. ಆ ಮುಚ್ಚಳದಲ್ಲಿ 2.5 ಮತ್ತು 5ಕ್ಕೆ ಗೆರೆ ಇದೆ, 3ಕ್ಕೆ ಇಲ್ಲ. ಅಜ್ಜಿ 2.5ರ ಗೆರೆಗೆ ಹಾಕಿ ಒಂದು ದಿನವೂ ತಪ್ಪದೆ ಕೊಟ್ಟಿದ್ದಾರೆ. ದಿನಕ್ಕೆ ಅರ್ಧ ಎಂಎಲ್ ಕಮ್ಮಿ, 30 ದಿನಕ್ಕೆ 15 ಎಂಎಲ್. ಲೆಕ್ಕ ಕೂಡಿತು. ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುವ ಸಿರಪ್ ಇದು, ಹಾಗಾಗಿ ಬೆಳಿಗ್ಗೆ 300ರ ಬದಲು 250 ಮಿಲಿಗ್ರಾಂ ಹೋಗಿದೆ. ಇದು ಗೊತ್ತಿಲ್ಲದೆ ಡಾಕ್ಟರು "300 ಕೊಟ್ಟರೂ ಫಿಟ್ಸ್ ನಿಲ್ಲುತ್ತಿಲ್ಲ" ಅಂದುಕೊಂಡು ಡೋಸ್ ಏರಿಸುವ ಸಾಧ್ಯತೆ ಇತ್ತು. ಅಜ್ಜಿಗೆ ಒಂದು 5 ಎಂಎಲ್ ಸಿರಿಂಜ್ ಕೊಟ್ಟು 3ರ ಗೆರೆಗೆ ಮಾರ್ಕರಿನಲ್ಲಿ ಗುರುತು ಹಾಕಿದರೆ ಆಯಿತು. ಸೂಜಿ ಮಾತ್ರ ತೆಗೆದಿಡಿ.

ಮಾತ್ರೆ ಕೊಡುವವರಿಗೆ ಇದು ಇನ್ನೂ ಸುಲಭ. ತಿಂಗಳ ಮೊದಲು ಎಷ್ಟಿತ್ತು, ಎಷ್ಟು ಕೊಂಡಿರಿ, ಈಗ ಎಷ್ಟಿದೆ. ಅರ್ಧ ಮಾಡಿ ಕೊಡುವುದಾದರೆ ಪುಡಿಯಾಗಿ ಹೋದದ್ದನ್ನೂ ಬರೆಯಿರಿ.

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಮಾಡಬಹುದಾ?

ಮಾಡಬಹುದು, ಆದರೆ ತಿಂಗಳಿಗೆ ಏಳೆಂಟು ಫಿಟ್ಸ್ ಇರುವವರಿಗೆ ಕೈ ಲೆಕ್ಕವೇ ಬೇಗ ಮುಗಿಯುತ್ತದೆ. ದಿನಕ್ಕೆ ಹಲವು ಸಲ ಬರುವ ಮಕ್ಕಳಿಗೆ Google Sheets ಸಹಾಯವಾಗುತ್ತದೆ. ಎರಡು ಹಾಳೆ ಮಾಡಿ. `fits` ಹಾಳೆಯಲ್ಲಿ ಒಂದು ಫಿಟ್ಸ್‌ಗೆ ಒಂದು ಸಾಲು: ತಾರೀಖು, ಹೊತ್ತು, ಬಗೆ, ಸೆಕೆಂಡ್, ಅಳೆದದ್ದು ಹೇಗೆ. `days` ಹಾಳೆಯಲ್ಲಿ ಒಂದು ರಾತ್ರಿಗೆ ಒಂದು ಸಾಲು: ತಾರೀಖು, ನಿದ್ದೆ, ರಾತ್ರಿಯ ಡೋಸ್, ಫಿಟ್ಸ್ ಬಂತಾ. ಎ ಬಗೆಯ ಎಣಿಕೆ, ಅಂದಾಜು ಬಿಟ್ಟು ಮಧ್ಯದ ಅವಧಿ, ತಡವಾಗಿ ಮಲಗಿಯೂ ಡೋಸ್ ಕೊಟ್ಟ ರಾತ್ರಿಗಳಲ್ಲಿ ಫಿಟ್ಸ್ ಬಂದವು, ಈ ಮೂರಕ್ಕೆ ಕ್ರಮವಾಗಿ:

```
=COUNTIFS(fits!C:C,"A")
=MEDIAN(FILTER(fits!D2:D,fits!E2:E<>"guess",fits!D2:D>0))
=COUNTIFS(days!B:B,"late",days!C:C,"given",days!D:D,"yes")
```

ನಮ್ಮ ಉದಾಹರಣೆಗೆ ಇವು 4, 60, 0 ಕೊಡಬೇಕು. ಬೇರೆ ಬಂದರೆ ಎಲ್ಲೋ ಸ್ಪೆಲಿಂಗ್ ಬೇರೆ ಆಗಿದೆ.

ಕ್ಷಣಕಾಲ ಕಣ್ಣು ನಿಲ್ಲಿಸುವಂಥ ಫಿಟ್ಸ್ ದಿನಕ್ಕೆ ಹತ್ತಾರು ಬರುವ ಮಕ್ಕಳಿಗೆ ಎಲ್ಲವನ್ನೂ ಎಣಿಸಲು ಹೋಗಬೇಡಿ, ಆಗುವುದಿಲ್ಲ. ದಿನಾ ಒಂದೇ ಹೊತ್ತಿನ ಅರ್ಧ ಗಂಟೆ, ಉದಾಹರಣೆಗೆ ಸಂಜೆ ಹೋಂವರ್ಕ್ ಮಾಡುವಾಗ, ಆಗ ಮಾತ್ರ ಎಣಿಸಿ. ಪುಟದಲ್ಲೂ "ಅರ್ಧ ಗಂಟೆಗೆ ಇಷ್ಟು" ಅಂತಲೇ ಬರೆಯಿರಿ.

ಕೊನೆಗೆ ಆ ಪುಟ ಹೇಗಿರುತ್ತದೆ?

ಈ ಹುಡುಗಿಯದ್ದು ಹೀಗಿರುತ್ತದೆ.

> ಜೂನ್ 2025. ವಯಸ್ಸು 8, ತೂಕ 22 ಕೆಜಿ. 30 ದಿನವೂ ಬರೆದಿದೆ, ರಾತ್ರಿ ಅಮ್ಮ ಪಕ್ಕದಲ್ಲಿ.
>
> ಎ (ಬಾಯಿ ಎಡಕ್ಕೆ ಸೊಟ್ಟ, ಜೊಲ್ಲು, ಎಚ್ಚರ ಇದೆ, ಮಾತಿಲ್ಲ): 4. ಬಿ (ಮೈಯೆಲ್ಲ ಬಡಿಯುವುದು, ಎಚ್ಚರ ಇಲ್ಲ): 2. ಖಚಿತವಿಲ್ಲ: 1, ಶಾಲೆಯಲ್ಲಿ, 27ಕ್ಕೆ.
>
> ಹೊತ್ತು: ಆರರಲ್ಲಿ 5 ಬೆಳಗಿನ ಜಾವ 4:50ರಿಂದ 6:10, 1 ಮಲಗಿದ 20 ನಿಮಿಷಕ್ಕೆ. 15ರಂದು ಒಂದೇ ಬೆಳಿಗ್ಗೆ ಎರಡು.
>
> ಅವಧಿ: ಎ 50ರಿಂದ 75 ಸೆಕೆಂಡ್. ಬಿ ಒಂದು 2 ನಿಮಿಷ 40 ಸೆಕೆಂಡ್ (ವಿಡಿಯೋ), ಒಂದು 10 ನಿಮಿಷ (ಅಂದಾಜು, ಮಂಪರು ಸೇರಿರಬಹುದು).
>
> ಔಷಧಿ: ಲೆವೆಟಿರಾಸಿಟಮ್ 3 ಎಂಎಲ್ ಎರಡು ಹೊತ್ತು. 60ರಲ್ಲಿ 4 ತಪ್ಪಿದೆ, ನಾಲ್ಕೂ ರಾತ್ರಿ (7, 14, 21, 25). 3 ತಡ. ಬೆಳಗಿನ ಡೋಸ್ ತಿಂಗಳಿಡೀ 2.5 ಎಂಎಲ್ ಹೋಗಿದೆ, ಜುಲೈ 1ರಿಂದ ಸರಿಪಡಿಸಿದೆ.
>
> ಗಮನಿಸಿದ್ದು: ಡೋಸ್ ತಪ್ಪಿದ 4 ರಾತ್ರಿಯಲ್ಲಿ 2 ಸಲ ಬಿ. ಕೊಟ್ಟ 26 ರಾತ್ರಿಯಲ್ಲಿ ಬಿ ಇಲ್ಲ, ಎ ಮೂರು. ಜ್ವರ ಇರಲಿಲ್ಲ.
>
> ಕೇಳಬೇಕಾದದ್ದು: ರಾತ್ರಿ ಡೋಸ್ ಮರೆತದ್ದು ತಡವಾಗಿ ನೆನಪಾದರೆ ಏನು ಮಾಡಬೇಕು? ಶಾಲೆಯಲ್ಲಿ ನಡೆದದ್ದು ಫಿಟ್ಸಾ?

ಡೈರಿಯನ್ನೂ ವಿಡಿಯೋವನ್ನೂ ಜೊತೆಗೆ ಒಯ್ಯಿರಿ. ಪುಟ ನೋಡಿದ ಮೇಲೆ ಅವರು ಯಾವುದೋ ಒಂದು ದಿನದ ವಿವರ ಕೇಳಬಹುದು. ಲೆಕ್ಕದಿಂದ ನಿಮಗೆ ಏನೇ ಹೊಳೆದರೂ ಡೋಸ್ ಹೆಚ್ಚಿಸುವುದು, ಕಡಿಮೆ ಮಾಡುವುದು, ನಿಲ್ಲಿಸುವುದು ಮಾತ್ರ ಮನೆಯಲ್ಲಿ ಮಾಡಬೇಡಿ. ಥಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು.

ತಿಂಗಳ ಕೊನೆಯವರೆಗೆ ಕಾಯಬಾರದ್ದು ಯಾವುದು?

ಫಿಟ್ಸ್ 5 ನಿಮಿಷ ದಾಟಿದರೆ, ಒಂದಾದಮೇಲೆ ಇನ್ನೊಂದು ಬಂದು ನಡುವೆ ಎಚ್ಚರವೇ ಆಗದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ, ತಲೆಗೆ ಪೆಟ್ಟಾಗಿದ್ದರೆ, 108ಕ್ಕೆ ಫೋನ್ ಮಾಡಿ. ಮೂಗಿಗೆ ಹೊಡೆಯುವ ಮಿಡಾಜೊಲಾಮ್ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಡಿ, ಕೊಟ್ಟ ಹೊತ್ತನ್ನು ಬರೆದಿಡಿ. ಒಂದೇ ದಿನ ಎಂದಿಗಿಂತ ಜಾಸ್ತಿ ಸಲ ಬಂದರೆ, ಹೊಸ ಥರದ್ದು ಶುರುವಾದರೆ, ಹೊಸ ಔಷಧಿ ಶುರುಮಾಡಿದ ಮೇಲೆ ಮೈಮೇಲೆ ಗುಳ್ಳೆ ಎದ್ದರೆ ಅವತ್ತೇ ಡಾಕ್ಟರಿಗೆ ಹೇಳಿ.

ಮುಂದಿನ ತಿಂಗಳ ಜೊತೆ ಹೋಲಿಸುವುದು ಹೇಗೆ?

ಒಂದು ತಿಂಗಳಿಗೆ ಇನ್ನೊಂದು ತಿಂಗಳು ಹೋಲಿಸಿ ಗಾಬರಿ ಆಗಬೇಡಿ. ನಾಲ್ಕು ಇದ್ದದ್ದು ಆರಾಗುವುದು, ಎರಡಾಗುವುದು ಔಷಧಿಯಲ್ಲಿ ಏನೂ ಬದಲಾಗದಿದ್ದರೂ ನಡೆಯುತ್ತದೆ. ಮೂರು ತಿಂಗಳ ಪುಟ ಪಕ್ಕಪಕ್ಕ ಇಟ್ಟು ನೋಡಿ. ಎಣಿಕೆಯ ಜೊತೆ ಫಿಟ್ಸ್ ಇಲ್ಲದ ಅತಿ ಉದ್ದದ ಅಂತರವನ್ನೂ ಬರೆಯುತ್ತಾ ಹೋಗಿ. ಈ ಹುಡುಗಿಗೆ ಜೂನ್‌ನಲ್ಲಿ ಖಚಿತವಾದ ಫಿಟ್ಸ್ ಮಾತ್ರ ನೋಡಿದರೆ ಅದು 23ರಿಂದ 30ರವರೆಗೆ, 8 ದಿನ. 27ರಂದು ಶಾಲೆಯಲ್ಲಿ ನಡೆದದ್ದನ್ನೂ ಸೇರಿಸಿದರೆ 10ರಿಂದ 14ರವರೆಗೆ, 5 ದಿನ. ಔಷಧಿ ಬದಲಾದ ತಾರೀಖಿಗೆ ಪುಟದಲ್ಲಿ ಅಡ್ಡ ಗೆರೆ ಎಳೆದು ಮುಂಚಿನದ್ದು, ಆಮೇಲಿನದ್ದು ಬೇರೆ ಬೇರೆ ಎಣಿಸಿ. ಇಲ್ಲಿ ಡಾಕ್ಟರು ಏನೂ ಬದಲಿಸದಿದ್ದರೂ ಜುಲೈ 1ಕ್ಕೆ ಅಂಥ ಒಂದು ಗೆರೆ ಬೇಕು, ಯಾಕೆಂದರೆ ಅವತ್ತಿನಿಂದ ಬೆಳಿಗ್ಗೆ ಪೂರ್ತಿ 3 ಎಂಎಲ್ ಹೋಗುತ್ತಿದೆ.